ಟೀಚರಿಗೆ ಬರೆದ ದಮ್ಮಿನ ಕಾಗದ

ಕೂಡ್ಲಿಗಿ ಸೀಮೆಯ ಸರ್ಕಾರಿ ಶಾಲೆಯೊಂದರಲ್ಲಿ, ನಾಲ್ಕನೇ ತರಗತಿಯ ಹಾಜರಿ ಪುಸ್ತಕದ ರಟ್ಟಿನೊಳಗೆ ನೋಟ್‌ಬುಕ್ ಹಾಳೆಯೊಂದನ್ನು ಅಂಟಿಸಿದ್ದಾರೆ. ಅಸ್ತಮಾ ಇರುವ ಹುಡುಗನೊಬ್ಬನ ತಾಯಿ ಟೀಚರಿಗೆ ಬರೆದ ಕಾಗದ ಅದು. ಎಸ್ಸೆಸ್ಸೆಲ್ಸಿ ಓದಿ, ಹೊಲ ಮನೆ ನೋಡಿಕೊಂಡಿರುವ ಹೆಣ್ಣುಮಗಳು. ಅವರ ಒಪ್ಪಿಗೆ ಕೇಳಿ ಓದಿದೆ. ಕಾಗದದ ಪಕ್ಕದ ಕಪಾಟಿನಲ್ಲಿ ಅರ್ಧ ಲೀಟರಿನ ನೀರಿನ ಬಾಟಲಿ ಇತ್ತು. ಅದರ ತಳಕ್ಕೆ ನೀಲಿ ಇನ್‌ಹೇಲರ್ ಸಿಕ್ಕಿಸಿ ಗಮ್ಮಿನಲ್ಲಿ ಅಂಟಿಸಿದ್ದರು. ಆ ಬಾಟಲಿ ಇನ್ನೂ ನನ್ನ ತಲೆಯಿಂದ ಹೋಗಿಲ್ಲ.

ಕಾಗದ ಶುರುವಾಗುವುದು ಹೀಗೆ: ‘ಟೀಚರ್ ಅವರಿಗೆ ನಮಸ್ಕಾರ. ಮಗನಿಗೆ ದಮ್ಮು ಇದೆ. ಯಾವಾಗ ಏಳುತ್ತದೆ, ಎದ್ದರೆ ಏನು ಮಾಡಬೇಕು ಬರೆದಿದ್ದೇನೆ.’

‘ಯಾವಾಗ’ ಎನ್ನುವುದಕ್ಕೆ ಸಾಮಾನ್ಯವಾಗಿ ಧೂಳು ಎಂಬ ಒಂದೇ ಮಾತು ಸಿಗುತ್ತದೆ. ಕೊಟ್ಟೂರು, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆ ಧೂಳಿಲ್ಲದ ದಿನ ಯಾವುದಿದೆ? ಅಂಥ ಮಾತಿನಿಂದ ಟೀಚರಿಗೆ ಏನೂ ತಿಳಿಯುವುದಿಲ್ಲ. ಈ ತಾಯಿ ಮಾತ್ರ ಮಗ ರಾತ್ರಿ ಕೆಮ್ಮಿದ ದಿನಗಳಿಗೆಲ್ಲ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರು. ದೀಪಾವಳಿ ಆದಮೇಲೆ, ಶಾಲೆಯ ಬೇಲಿಗೆ ಹತ್ತಿದ ಕಣದಲ್ಲಿ ಮೆಕ್ಕೆಜೋಳ ಒಕ್ಕುವ ಮಷಿನ್ ಓಡಿದ ವಾರಗಳಲ್ಲಿ ಗುರುತು ಒತ್ತಾಗಿದ್ದವು. ಮಳೆಗಾಲದ ಕೊನೆಗೆ ಕಾಂಗ್ರೆಸ್ ಗಿಡ ಹೂ ಬಿಟ್ಟಾಗ ಕೆಲವು. ಉಳಿದವು ಬಹುಪಾಲು ನೆಗಡಿ ಹಿಡಿದ ದಿನಗಳು. ಮಕ್ಕಳಿಗೆ ದಮ್ಮು ಏಳಿಸುವುದರಲ್ಲಿ ನೆಗಡಿಯ ವೈರಸ್ಸೇ ಮುಂದು ಎಂದು ವೈದ್ಯರು ಹೇಳುವುದು ಈ ಕ್ಯಾಲೆಂಡರಿನಲ್ಲೂ ಕಾಣುತ್ತಿತ್ತು.

ಹಾಗಾಗಿ ಕಾಗದದ ಬೇಡಿಕೆಗಳು ಸಣ್ಣವು. ಒಕ್ಕಣೆ ನಡೆಯುವಾಗ ಆ ಕಡೆಯ ಕಿಟಕಿ ಮುಚ್ಚಿ. ಕಸ ಗುಡಿಸುವ ಮೊದಲು ನೀರು ಚಿಮುಕಿಸಿ, ಅವನ ಪಾಳಿ ಬಂದರೆ ಬೇರೆ ಕೆಲಸ ಕೊಡಿ. ಡಸ್ಟರ್ ಅವನ ಕೈಯಲ್ಲಿ ಕೊಡವಿಸಬೇಡಿ. ಆಟಕ್ಕೆ ತಡೆಯಿಲ್ಲ; ಓಟವಿದ್ದರೆ ಹದಿನೈದು ನಿಮಿಷ ಮೊದಲು ಡಾಕ್ಟರು ಹೇಳಿದಷ್ಟು ಪಂಪು ಹೊಡೆಸಿ. ನನಗೆ ತುಂಬ ಹಿಡಿಸಿದ ಸಾಲು ಆಮೇಲಿನದು: ‘ಬಾಳೆಹಣ್ಣು, ಮೊಟ್ಟೆ, ಮೊಸರು ತಡೆಯಬೇಡಿ. ಇವುಗಳಿಂದ ಅವನಿಗೆ ಏನೂ ಆಗಿಲ್ಲ, ನೋಡಿದ್ದೇನೆ.’ ದಮ್ಮಿನ ಮಕ್ಕಳಿಗೆ ಬಾಳೆಹಣ್ಣು ಶೀತ ಎಂದು ಕಸಿದುಕೊಳ್ಳುವ ಸೀಮೆ ನಮ್ಮದು. ಬಿಸಿಯೂಟದ ಸಾಲಿನಲ್ಲಿ ಒಬ್ಬ ಹುಡುಗ ಮಾತ್ರ ಬರಿಗೈಯಲ್ಲಿ ಕೂರುವುದು ಆ ತಾಯಿಗೆ ಬೇಕಿರಲಿಲ್ಲ.

ಹಳೆಯ ಪತ್ರಿಕೆಗಳಲ್ಲಿ ಸಿಗುವ ಚರಿತ್ರೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅಸ್ತಮಾ 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5 ಆದದ್ದನ್ನು ದಾಖಲಿಸಿದರು. ಆಸ್ಪತ್ರೆಗೆ ಬಂದವರ ಲೆಕ್ಕ ಅದು, ಇಡೀ ಊರಿನದಲ್ಲ. ಕೈಯಲ್ಲಿ ಹಿಡಿಯುವ ಇನ್‌ಹೇಲರ್ ಮಾರುಕಟ್ಟೆಗೆ ಬಂದದ್ದು 1956ರಲ್ಲಿ, ಅಮೆರಿಕದಲ್ಲಿ. ಔಷಧ ಕಂಪನಿಯ ಅಧಿಕಾರಿಯೊಬ್ಬರ ಮಗಳು, ದಮ್ಮಿನ ಹುಡುಗಿ, ಹೇರ್‌ಸ್ಪ್ರೇ ಹಾಗೆ ನನ್ನ ಔಷಧವನ್ನೂ ಡಬ್ಬಿಗೆ ತುಂಬಬಾರದೇಕೆ ಎಂದು ಕೇಳಿದ್ದೇ ಅದರ ಮೂಲ.

ಇನ್ನು ಬಾಟಲಿಗೆ ಬರುತ್ತೇನೆ. ಇನ್‌ಹೇಲರನ್ನು ನೇರ ಬಾಯಿಗಿಟ್ಟು ಒತ್ತಿದರೆ ಔಷಧ ರಭಸವಾಗಿ ಬಂದು ಬಹಳಷ್ಟು ಗಂಟಲಿಗೇ ಬಡಿದು ನಿಲ್ಲುತ್ತದೆ. ಒತ್ತುವ ಗಳಿಗೆಯಲ್ಲೇ ಸರಿಯಾಗಿ ಉಸಿರೆಳೆಯುವುದು ಮಕ್ಕಳಿಗೆ ಸುಲಭವಲ್ಲ, ದಮ್ಮು ಎದ್ದಾಗಂತೂ ಆಗುವುದೇ ಇಲ್ಲ. ನಡುವೆ ಸ್ಪೇಸರ್ ಎಂಬ ಟೊಳ್ಳು ಕೊಳವೆ ಇದ್ದರೆ ಔಷಧ ಅದರಲ್ಲಿ ತೇಲಿ ನಿಲ್ಲುತ್ತದೆ, ಮಗು ಸಹಜವಾಗಿ ಉಸಿರಾಡುತ್ತಾ ಒಳಗೆಳೆದುಕೊಳ್ಳುತ್ತದೆ. ಸ್ಪೇಸರ್ ಇಲ್ಲದ ಮಕ್ಕಳಿಗಾಗಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಡಾ. ಹೆದರ್ ಝಾರ್ ಮತ್ತು ಸಂಗಡಿಗರು ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಯನ್ನೇ ಪರೀಕ್ಷಿಸಿದರು. 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಆ ಫಲಿತಾಂಶದಂತೆ, ಇನ್‌ಹೇಲರ್ ಸುತ್ತ ಸಂದಿಯಿಲ್ಲದಂತೆ ಅಂಟಿಸಿದ ಬಾಟಲಿ ಕಂಪನಿಯ ಸ್ಪೇಸರಿನಷ್ಟೇ ಕೆಲಸ ಮಾಡಿತು. ಥರ್ಮಾಕೋಲ್ ಲೋಟ ಅಷ್ಟು ಚೆನ್ನಾಗಿ ಮಾಡಲಿಲ್ಲ.

ಮಾಡುವ ರೀತಿ ಕೇಳಿ. ತಂತಿಯನ್ನು ಇನ್‌ಹೇಲರ್ ಬಾಯಿಯ ಆಕಾರಕ್ಕೆ ಬಗ್ಗಿಸಿ, ಕಾಯಿಸಿ, ಬಾಟಲಿಯ ತಳಕ್ಕೆ ಒತ್ತಿದರೆ ಅದೇ ಅಳತೆಯ ತೂತು ಬೀಳುತ್ತದೆ. ಇನ್‌ಹೇಲರ್ ಕೂರಿಸಿ ಸುತ್ತಲೂ ಗಮ್ಮು ಹಾಕಬೇಕು. ಬಾಟಲಿಯ ಬಾಯಿ ಮಗುವಿನ ಬಾಯಿಗೆ. ಇನ್ನೊಂದು ಗುಟ್ಟಿದೆ. ಹೊಸ ಪ್ಲಾಸ್ಟಿಕ್ಕಿನ ಗೋಡೆಯಲ್ಲಿ ಸ್ಥಿರ ವಿದ್ಯುತ್ ಇರುತ್ತದೆ, ಔಷಧದ ಕಣಗಳನ್ನು ಅದು ಎಳೆದು ಅಂಟಿಸಿಕೊಳ್ಳುತ್ತದೆ. ಅದಕ್ಕೆ ಅಂಟಿಸುವ ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿ, ಮತ್ತೆ ನೀರು ಹಾಕದೆ, ಬಟ್ಟೆಯಲ್ಲಿ ಒರೆಸದೆ, ಬೋರಲು ಹಾಕಿ ಒಣಗಿಸಬೇಕು. ಒರೆಸಿದರೆ ವಿದ್ಯುತ್ ಮತ್ತೆ ಹುಟ್ಟುತ್ತದೆ. ಆ ತಾಯಿಗೆ ಇದನ್ನು ಆಸ್ಪತ್ರೆಯ ನರ್ಸಮ್ಮ ಹೇಳಿಕೊಟ್ಟಿದ್ದರಂತೆ. ಅಂಗಡಿಯ ಸ್ಪೇಸರ್ ಕೊಳ್ಳಲು ಆಗುವವರು ಅದನ್ನೇ ಕೊಳ್ಳಲಿ. ಮುಖಕ್ಕೆ ಮಾಸ್ಕ್ ಬೇಕಾಗುವ ಚಿಕ್ಕ ಕೂಸುಗಳಿಗೆ ಈ ಬರಿ ಬಾಟಲಿ ಸಾಲದು.

ಕಾಗದದ ಹಿಂಬದಿಯಲ್ಲಿ ಡಾಕ್ಟರು ಬರೆದು ಸಹಿ ಹಾಕಿದ ಭಾಗವಿದೆ. ಕೆಮ್ಮು, ಸುಂಯ್‌ಗುಡುವಿಕೆ ಶುರುವಾದರೆ ನೆಟ್ಟಗೆ ಕೂರಿಸಿ, ಮಲಗಿಸಬೇಡಿ. ಇನ್‌ಹೇಲರ್ ಚೆನ್ನಾಗಿ ಅಲುಗಿಸಿ ಒಂದು ಸಲ ಒತ್ತಿ, ನಾಲ್ಕು ಉಸಿರು ಎಳೆಸಿ. ಹೀಗೆ ಒಟ್ಟು ನಾಲ್ಕು ಸಲ. ಪ್ರತಿ ಸಲವೂ ಅಲುಗಿಸಿ. ಎರಡು ಮೂರು ಒಟ್ಟಿಗೆ ಒತ್ತಿದರೆ ಔಷಧ ಬಾಟಲಿಯ ಗೋಡೆಗೆ ಹೋಗುತ್ತದೆ. ನಾಲ್ಕು ನಿಮಿಷ ಕಾದು, ಇಳಿಯದಿದ್ದರೆ ಮತ್ತೆ ನಾಲ್ಕು. ಆಗಲೂ ಇಳಿಯದಿದ್ದರೆ 108ಕ್ಕೆ ಕರೆ ಮಾಡಿ, ಗಾಡಿ ಬರುವವರೆಗೆ ನಾಲ್ಕು ನಿಮಿಷಕ್ಕೊಮ್ಮೆ ನಾಲ್ಕು ಮುಂದುವರಿಸಿ. ಇದು ಈ ಹುಡುಗನಿಗೆ ಬರೆದದ್ದು. ಬೇರೆ ಮಗುವಿಗೆ ಅದರ ಡಾಕ್ಟರೇ ಬರೆಯಬೇಕು.

ಕೂಡಲೇ 108 ಕರೆಯಬೇಕಾದ ಗುರುತುಗಳನ್ನು ಕೆಂಪು ಶಾಯಿಯಲ್ಲಿ ಬರೆದಿದ್ದಾರೆ: ಒಂದು ಪೂರಾ ಮಾತು ಆಡಲಾಗದಿರುವುದು, ಉಸಿರಿಗೊಮ್ಮೆ ಪಕ್ಕೆಲುಬಿನ ಸಂದಿ ಒಳಕ್ಕೆ ಸೆಳೆಯುವುದು, ತುಟಿ ನೀಲಿಯಾಗುವುದು, ಮಂಕಾಗುವುದು. ಕೊನೆಯ ಗುರುತು ಟೀಚರಿಗೂ ಹೊಸದು. ಸುಂಯ್‌ಗುಡುವ ಸದ್ದು ಒಮ್ಮೆಗೇ ನಿಂತು, ಮಗು ಇನ್ನೂ ತೇಕುತ್ತಿದ್ದರೆ ಅದು ಇಳಿದದ್ದಲ್ಲ. ಸದ್ದು ಹೊರಡುವಷ್ಟೂ ಗಾಳಿ ಒಳಗೆ ಆಡುತ್ತಿಲ್ಲ ಎಂದರ್ಥ.

‘ಜಾಸ್ತಿ ಹೊಡೆಸಿದರೆ ಏನಾದರೂ ಆದೀತೆಂಬ ಹೆದರಿಕೆ ಇತ್ತು ರೀ’ ಅಂದರು ಟೀಚರ್. ಅದಕ್ಕೂ ಕಾಗದದಲ್ಲಿ ಉತ್ತರವಿದೆ: ಕೈ ನಡುಗಬಹುದು, ಎದೆ ಡವಡವ ಅನ್ನಬಹುದು, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಹೆದರಿ ಕೊಡದೆ ಕೂರುವುದೇ ಇಲ್ಲಿ ಹೆಚ್ಚಿನ ಅಪಾಯ.

ನೀಲಿ ಪಂಪು ಕಟ್ಟಿದ ಉಸಿರಿನ ದಾರಿಯನ್ನು ಆ ಹೊತ್ತಿಗೆ ಬಿಡಿಸುತ್ತದೆ, ಅಷ್ಟೇ. ಒಳಗಿನ ಊತ ಇಳಿಸುವ ಇನ್ನೊಂದನ್ನು ಮನೆಯಲ್ಲಿ ದಿನಾ ತಪ್ಪದೆ ತೆಗೆದುಕೊಳ್ಳಬೇಕು. ಜೂನಿನಲ್ಲಿ ಮೃಗಶಿರ ಬಂತೆಂದರೆ ಮೀನಿನ ಔಷಧಿಗೆ ಹೈದರಾಬಾದಿಗೆ ಹೊರಡುವವರು ನಮ್ಮ ಕಡೆಯೂ ಇದ್ದಾರೆ. ಆ ನಂಬಿಕೆ ನನಗಿಲ್ಲ, ಅದು ವಾಸಿ ಮಾಡುತ್ತದೆಂಬುದಕ್ಕೆ ಸಾಕ್ಷಿಯೂ ಇಲ್ಲ. ಹೋಗಿ ಬಂದವರು ದಿನದ ಔಷಧಿ ಬಿಡುತ್ತಾರೆ, ಶಾಲೆ ಶುರುವಾಗುವ ಹೊತ್ತಿಗೇ ನೆಗಡಿಯೂ ಶುರುವಾಗುತ್ತದೆ. ನನ್ನ ಸಿಟ್ಟು ಇರುವುದು ಅಲ್ಲಿ.

ಕಾಗದದ ಅಡಿಯಲ್ಲಿ ಮೂರು ಫೋನ್ ನಂಬರು: ತಾಯಿಯದು, ಹೊಲದಲ್ಲಿ ಸಿಗ್ನಲ್ ಸಿಗದಿದ್ದರೆ ಪಕ್ಕದ ಮನೆಯವರದು, ಡಾಕ್ಟರದು. ಇನ್‌ಹೇಲರಿನ ಕೊನೆಯ ದಿನಾಂಕವೂ ಇದೆ. ಶಾಲೆಯಲ್ಲಿ ಒತ್ತಿದಾಗಲೆಲ್ಲ ಟೀಚರ್ ಅಲ್ಲೇ ಗೀಟು ಹಾಕುತ್ತಾರೆ. ಡಬ್ಬಿಯಲ್ಲಿ ಇರುವುದು 200 ಒತ್ತು, ಅದಾದ ಮೇಲೂ ಬರಿ ಗಾಳಿ ಬುಸ್ ಎನ್ನುತ್ತಿರುತ್ತದೆ. ಟೀಚರಿಗೆ ವರ್ಗವಾದರೆ ಎಂದು ಕೇಳಿದೆ. ಹೊಸಬರು ಚಾರ್ಜ್ ತೆಗೆದುಕೊಳ್ಳುವಾಗ ಬೀಗದ ಕೈ ಜೊತೆ ಈ ಹಾಳೆಗೂ ಸಹಿ ಮಾಡಬೇಕೆಂದು ಹೆಡ್‌ಮೇಷ್ಟ್ರು ಈಗಾಗಲೇ ಬರೆದಿಟ್ಟಿದ್ದಾರೆ.