ಹೆಬ್ಬೆಟ್ಟು ಒತ್ತಿದವರು ಒಪ್ಪಿದ್ದು ಯಾವುದಕ್ಕೆ?

ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು 2009ರಲ್ಲಿ ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯ 10ರಿಂದ 14 ವರ್ಷದ ಹುಡುಗಿಯರಿಗೆ ಹಾಕಲಾಯಿತು. ಅಮೆರಿಕದ ‘ಪಾಥ್’ ಸಂಸ್ಥೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆಗೂಡಿ ನಡೆಸಿದ ಯೋಜನೆಯದು. ಗುಜರಾತಿನ ವಡೋದರದಲ್ಲೂ ನಡೆಯಿತು. ಏಳು ಹುಡುಗಿಯರ ಸಾವು ವರದಿಯಾದ ಮೇಲೆ, 2010ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಿದರು. ಸಾವಿಗೆ ಲಸಿಕೆ ಕಾರಣವೆಂದು ತನಿಖೆಯಲ್ಲಿ ಕಂಡುಬರಲಿಲ್ಲ. ಆದರೆ ಒಪ್ಪಿಗೆ ಪತ್ರಗಳನ್ನು ತೆರೆದು ನೋಡಿದಾಗ ಬೇರೊಂದು ಸಂಗತಿ ಹೊರಬಿತ್ತು.

2013ರ ಸಂಸದೀಯ ಸಮಿತಿಯ ವರದಿಯಂತೆ, ಆಂಧ್ರದ 9,543 ಪತ್ರಗಳಲ್ಲಿ 1,948ರಲ್ಲಿ ಹೆಬ್ಬೆಟ್ಟಿನ ಗುರುತಿತ್ತು. 2,763ಕ್ಕೆ ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. ಹೆತ್ತವರು ದೂರದ ಹಳ್ಳಿಗಳಲ್ಲಿ ಬದುಕಿದ್ದರೂ ಮಗಳಿಗಾಗಿ ಒಪ್ಪಿದವರು ವಾರ್ಡನ್! ಅವರಿಗೆ ಆ ಹಕ್ಕು ಕೊಟ್ಟವರು ಯಾರು? ಎಷ್ಟೋ ಪತ್ರಗಳಲ್ಲಿ ಸಾಕ್ಷಿಯ ಸಹಿಯೇ ಇರಲಿಲ್ಲ.

ಹೆಬ್ಬೆಟ್ಟು ಒತ್ತುವುದು ತಪ್ಪಲ್ಲ. ಓದಲು ಬಾರದವರನ್ನು ಸಂಶೋಧನೆಯಿಂದ ಹೊರಗಿಟ್ಟರೆ ಅದೂ ಅನ್ಯಾಯವೇ. ಅದಕ್ಕೇ ನಿಯಮ ಸಾಕ್ಷಿಯನ್ನು ಕೇಳುತ್ತದೆ. ಆ ಸಾಕ್ಷಿ ಓದು ಬಲ್ಲವರಾಗಿರಬೇಕು, ಸಂಶೋಧನಾ ತಂಡಕ್ಕೆ ಸೇರಿರಬಾರದು, ವಿವರಣೆ ಶುರುವಾದಾಗಿನಿಂದ ಮುಗಿಯುವವರೆಗೂ ಅಲ್ಲೇ ಕೂತಿರಬೇಕು. ಕೊನೆಯಲ್ಲಿ ಪಕ್ಕದ ಕೋಣೆಯ ನರ್ಸನ್ನು ಕರೆದು ಸಹಿ ಹಾಕಿಸಿದರೆ ಅದು ಸಾಕ್ಷಿಯಲ್ಲ. ಔಷಧ ಪ್ರಯೋಗಗಳ ಕುರಿತ 2019ರ ನಿಯಮಗಳು ದುರ್ಬಲ ವರ್ಗದವರ ಮೇಲೆ ಹೊಸ ಔಷಧ ಅಣುಗಳನ್ನು ಪ್ರಯೋಗಿಸುವಾಗ ಒಪ್ಪಿಗೆ ಪಡೆಯುವುದನ್ನು ವಿಡಿಯೊ ಮಾಡಬೇಕೆನ್ನುತ್ತವೆ. ಪತ್ರ ಓದಿ ಹೇಳಿದ್ದು ವಿಡಿಯೊದಲ್ಲಿ ಕಾಣುತ್ತದೆ. ಕೇಳಿದವರಿಗೆ ತಿಳಿಯಿತೇ ಎಂಬುದು ಅಷ್ಟು ಸುಲಭವಾಗಿ ಕಾಣುವುದಿಲ್ಲ.

“ಅರ್ಥ ಆಯ್ತಾಮ್ಮ?” ಎಂದು ಡಾಕ್ಟರು ಕೇಳಿದರೆ ನಮ್ಮ ಹಳ್ಳಿಯ ತಾಯಿ “ಹೂಂ ಸಾರ್” ಎಂದೇ ಅನ್ನುತ್ತಾಳೆ. ದೊಡ್ಡವರ ಎದುರು ಇಲ್ಲವೆನ್ನುವುದು ಹೇಗೆ? ಬಲ್ಲ ಸಂಶೋಧಕರು ಹಾಗೆ ಕೇಳುವುದಿಲ್ಲ. “ಮನೆಗೆ ಹೋದ ಮೇಲೆ ಯಜಮಾನರು ಕೇಳಿದ್ರೆ ಏನಂತ ಹೇಳ್ತೀರಿ?” ಎನ್ನುತ್ತಾರೆ. ಎರಡು ಔಷಧಿಗಳಲ್ಲಿ ಯಾರಿಗೆ ಯಾವುದೆಂದು ಚೀಟಿ ಎತ್ತಿದಂತೆ ನಿರ್ಧಾರವಾಗುವ ಪ್ರಯೋಗ ಎಂದುಕೊಳ್ಳಿ. “ಡಾಕ್ಟ್ರು ನನ್ನ ಕಾಯಿಲೆಗೆ ಒಗ್ಗೋದನ್ನ ನೋಡಿ ಕೊಡ್ತಾರೆ” ಎಂದು ಆಕೆ ಉತ್ತರಿಸಿದರೆ ವಿಷಯ ತಲುಪಿಲ್ಲ. ಆರಿಸುವವರು ಡಾಕ್ಟರಲ್ಲ ಎಂಬುದನ್ನು ಬೇರೆ ಮಾತಿನಲ್ಲಿ ಮತ್ತೆ ಹೇಳಬೇಕು, ಮತ್ತೆ ಕೇಳಬೇಕು. “ಒಪ್ಪದಿದ್ರೆ ಇಲ್ಲಿ ಚಿಕಿತ್ಸೆ ಕೊಡಲ್ಲ ಅಲ್ವಾ?” ಎಂದರೆ ಅಲ್ಲಿರುವುದು ಭಯ. ಆ ಭಯ ಹೋಗುವ ತನಕ ಹೆಬ್ಬೆಟ್ಟು ಒತ್ತಿಸಬಾರದು, ಒತ್ತಿಸಿದರೂ ಅದು ಒಪ್ಪಿಗೆಯಲ್ಲ.

ಓದು ಬಲ್ಲ ನಿಮ್ಮನ್ನು ಯಾರಾದರೂ ಇಂಥದಕ್ಕೆ ಸಾಕ್ಷಿಯಾಗಿ ಕರೆದರೆ ಮೊದಲಿನಿಂದಲೇ ಕುಳಿತುಕೊಳ್ಳಿ. ವಿವರಣೆ ಮುಗಿದ ಮೇಲೆ ಕರೆದರೆ ಸಹಿ ಹಾಕಬೇಡಿ.