ರಂಗೋಲಿಯ ಪಕ್ಕದ ನಾಲ್ಕು ಸಾಲು

ಹಬ್ಬದ ರಂಗೋಲಿ ಸ್ಪರ್ಧೆಗಳಲ್ಲಿ ಚಿತ್ರದ ಬದಿಗೆ ರಟ್ಟಿನ ಮೇಲೆ ಬರೆದಿಡುವ ಪುಟ್ಟ ಪದ್ಯದ ಕೆಲಸ ಒಂದೇ: ರಂಗೋಲಿ ಪುಡಿಯಲ್ಲಿ ಬಿಡಿಸಿದ್ದು ಏನೆಂದು, ಅದನ್ನು ಅಲ್ಲಿಯೇ ಏಕೆ ಬಿಡಿಸಿದೆಯೆಂದು ನೋಡುವವರಿಗೆ ತಿಳಿಸುವುದು. ನಿಂತಲ್ಲೇ ಓದಿ ಮುಂದೆ ಸಾಗುವವರಿಗೆ ನಾಲ್ಕು ಸಾಲು ಧಾರಾಳವಾಯಿತು.

ಹಳೇ ಮೈಸೂರು ಕಡೆಯ ಸಂಕ್ರಾಂತಿಯ ರಂಗೋಲಿಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ನಡುವೆ ಉಕ್ಕುವ ಹುಗ್ಗಿಯ ಮಡಕೆ, ಅದರ ಎರಡು ಬದಿಗೆ ಕಬ್ಬಿನ ಜಲ್ಲೆ. ಕೆಳಗೆ ಕೋಡಿಗೆ ಬಣ್ಣ ಬಳಿದ ಹಸು, ಅದರ ಕಾಲಡಿ ಕೆಂಪು–ಹಳದಿಯ ಗೆರೆ. ಸುತ್ತಲಿನ ಅಂಚಿನಲ್ಲಿ ಬಿಳಿ ಮತ್ತು ಕಂದು ಚುಕ್ಕಿಗಳು. ಮಡಕೆ, ಕಬ್ಬು, ಹಸು ಯಾರಿಗಾದರೂ ಗೊತ್ತಾಗುತ್ತವೆ. ಕಾಲಡಿಯ ಗೆರೆಯನ್ನು ಮಾತ್ರ ಅನೇಕರು ಬರೀ ಅಲಂಕಾರವೆಂದುಕೊಳ್ಳಬಹುದು. ಅದು ಹಬ್ಬದ ಸಂಜೆ ಹುಲ್ಲಿಗೆ ಬೆಂಕಿ ಕೊಟ್ಟು ದನಗಳನ್ನು ಹಾಯಿಸುವ ಕಿಚ್ಚು. ಅಂಚಿನ ಚುಕ್ಕಿಗಳು ಮನೆಮನೆಗೆ ಬೀರುವ ಎಳ್ಳು ಬೆಲ್ಲ. ಪದ್ಯಕ್ಕೆ ನಿಜವಾದ ಕೆಲಸವಿರುವುದು ಈ ಎರಡು ಕಡೆ.

‘ಸಂಕ್ರಾಂತಿ ಬಂತು, ಸಡಗರ ತಂತು’ ಎಂದು ಬರೆದರೆ ಪ್ರಾಸ ಕೂಡುತ್ತದೆ, ಅರ್ಥ ತಿಳಿಯುವುದಿಲ್ಲ. ಆ ಸಾಲನ್ನು ಪಕ್ಕದ ಸ್ಪರ್ಧಿಯ ರಂಗೋಲಿಯ ಮುಂದಿಟ್ಟರೂ ಸಲ್ಲುತ್ತದೆ. ಹಾಗೆ ಸಂದರೆ ಪದ್ಯ ಇನ್ನೂ ಚಿತ್ರಕ್ಕೆ ಅಂಟಿಕೊಂಡಿಲ್ಲವೆಂದೇ ಲೆಕ್ಕ. ಈ ಚಿತ್ರಕ್ಕೇ ಹೊಂದುವ ಪದ್ಯ ಹೀಗಿರಬಹುದು:

ಹುಗ್ಗಿ ಉಕ್ಕಿತು ಮಡಕೆ ಮೀರಿತು
ಬಗ್ಗಿ ನೋಡಿತು ಜೋಡಿ ಜಲ್ಲೆಯು
ನುಗ್ಗಿ ಕಿಚ್ಚನು ಹಾಯ್ದ ಹಸುವಿಗೆ
ಸುಗ್ಗಿ ತಂದಿತು ಎಳ್ಳು ಬೆಲ್ಲವ

ಸಾಲುಗಳು ಕಣ್ಣು ಚಲಿಸುವ ಕ್ರಮದಲ್ಲೇ ಇವೆ: ನಡುವಿನ ಮಡಕೆ, ಬದಿಯ ಕಬ್ಬು, ಕೆಳಗಿನ ಹಸು, ಕೊನೆಗೆ ಅಂಚು. ಈ ಕ್ರಮ ತಪ್ಪಿದರೆ ಓದುವವರು ಪ್ರತಿ ಸಾಲಿಗೂ ಚಿತ್ರವನ್ನು ಹುಡುಕಬೇಕಾಗುತ್ತದೆ. ಉಕ್ಕಿತು, ಬಗ್ಗಿ, ನುಗ್ಗಿ ಎಂಬ ಕ್ರಿಯಾಪದಗಳು ನೆಲದ ಮೇಲೆ ಅಲುಗದೆ ಇರುವ ಚಿತ್ರಕ್ಕೆ ಚಲನೆ ಕೊಡುತ್ತವೆ. ‘ಸುಂದರ’, ‘ರಮ್ಯ’ ಎಂಬ ಗುಣವಾಚಕಗಳಿಂದ ಆ ಕೆಲಸ ಆಗದು. ಬಣ್ಣದ ಹೆಸರೂ ಇಲ್ಲಿ ಬೇಕಿಲ್ಲ, ಬಣ್ಣ ಎದುರಿಗೇ ಇದೆ.

ನಾಲ್ಕೂ ಸಾಲಿನ ಎರಡನೆಯ ಅಕ್ಷರ ‘ಗ್ಗಿ’. ಇದು ಹಳೆಯ ಕನ್ನಡ ಕಾವ್ಯದಲ್ಲಿ ರೂಢಿಯಲ್ಲಿದ್ದ ಆದಿಪ್ರಾಸ. ಪ್ರತಿ ಸಾಲೂ ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗಳಾಗಿ ಒಡೆಯುತ್ತದೆ. ‘ಹುಗ್ಗಿ’ಯಲ್ಲಿ ಒತ್ತಕ್ಷರದ ಹಿಂದಿನ ‘ಹು’ ಗುರುವಾಗಿ ಎರಡು ಮಾತ್ರೆ, ‘ಗ್ಗಿ’ ಒಂದು, ಒಟ್ಟು ಮೂರು, ‘ಉಕ್ಕಿತು’ ನಾಲ್ಕು. ಕೈತಟ್ಟುತ್ತ ಜೋರಾಗಿ ಓದಿದಾಗ ಎಲ್ಲಿ ನಾಲಗೆ ಎಡವುತ್ತದೋ ಅಲ್ಲಿ ಮಾತ್ರೆ ಹೆಚ್ಚಿದೆ ಅಥವಾ ಕಡಿಮೆಯಾಗಿದೆ. ‘ಕಿಚ್ಚನು’ ಬದಲು ‘ಬೆಂಕಿಯನ್ನು’ ಎಂದಿಟ್ಟರೆ ಆರು ಮಾತ್ರೆಯಾಗಿ ಲಯ ಮುರಿಯುತ್ತದೆ. ಜೊತೆಗೆ ಆ ಆಚರಣೆಗೆ ಜನ ಬಳಸುವ ಮಾತೂ ಕೈಬಿಟ್ಟುಹೋಗುತ್ತದೆ.