ಹೊಸ ಪಾಲುದಾರನ ಪ್ರವೇಶ: ಗುಡ್‌ವಿಲ್ ಯಾರ ಖಾತೆಗೆ ಜಮಾ?

ಇಬ್ಬರು ಪಾಲುದಾರರು ಸೇರಿ ನಡೆಸುತ್ತಿರುವ ಸಣ್ಣ ಯಂತ್ರಭಾಗಗಳ ಕಾರ್ಖಾನೆಯೊಂದನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹಿರಿಯ ಪಾಲುದಾರರ ಬಂಡವಾಳ 12 ಲಕ್ಷ ರೂಪಾಯಿ, ಕಿರಿಯರದು 8 ಲಕ್ಷ. ಲಾಭ ಹಂಚಿಕೆ 3:2. ಈಗ ಮೂರನೆಯವರೊಬ್ಬರು 5 ಲಕ್ಷ ರೂಪಾಯಿ ತಂದು ಐದನೆಯ ಒಂದು ಪಾಲಿಗೆ ಸೇರಬಯಸಿದ್ದಾರೆ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 31ನೇ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಇದಕ್ಕೆ ಇರುವ ಪಾಲುದಾರರೆಲ್ಲರ ಒಪ್ಪಿಗೆ ಬೇಕು. ಒಪ್ಪಿಗೆ ಸುಲಭವಾಗಿ ದೊರೆಯಬಹುದು. ಆದರೆ ವಿವಾದ ಹುಟ್ಟುವುದು ಸಾಮಾನ್ಯವಾಗಿ ಗುಡ್‌ವಿಲ್ಲಿನ ಲೆಕ್ಕದಲ್ಲಿ.

ಬೆಲೆ ಕಟ್ಟುವ ಬಗೆ

ಕಳೆದ ಮೂರು ವರ್ಷಗಳ ಲಾಭ ಕ್ರಮವಾಗಿ 4,20,000, 4,80,000 ಮತ್ತು 6,00,000 ರೂಪಾಯಿ. ಸರಾಸರಿ 5 ಲಕ್ಷ. ದುಡಿಯುವ ಪಾಲುದಾರರ ಸಂಬಳವನ್ನು ಕಳೆದ ನಂತರದ ಲಾಭವನ್ನೇ ಇಲ್ಲಿ ಹಿಡಿಯತಕ್ಕದ್ದು. ಇಲ್ಲವಾದರೆ ಅವರ ಸ್ವಂತ ದುಡಿಮೆಯೇ ಸಂಸ್ಥೆಯ ಹೆಸರಿನ ಬೆಲೆಯಾಗಿ ಲೆಕ್ಕಕ್ಕೆ ಬರುತ್ತದೆ. 20 ಲಕ್ಷ ಬಂಡವಾಳಕ್ಕೆ ಈ ಬಗೆಯ ಉದ್ಯಮದಲ್ಲಿ ಶೇಕಡಾ 15ರ ಪ್ರತಿಫಲ ಸಹಜವೆಂದು ಪಾಲುದಾರರು ಒಪ್ಪಿದರೆ, ಸಹಜ ಲಾಭ 3 ಲಕ್ಷ. ಉಳಿದ 2 ಲಕ್ಷ ಅಧಿಕ ಲಾಭ. ಅದರ ಮೂರು ವರ್ಷಗಳ ಮೊತ್ತ 6 ಲಕ್ಷವೇ ಗುಡ್‌ವಿಲ್. ಹೊಸಬರ ಐದನೆಯ ಒಂದು ಪಾಲಿಗೆ ತಗಲುವುದು 1,20,000 ರೂಪಾಯಿ.

ತ್ಯಾಗ ಮಾಡಿದವರಿಗೆ ಮಾತ್ರ

ಈ ಮೊತ್ತವನ್ನು ಹೊಸಬರ ಬಂಡವಾಳ ಖಾತೆಗೆ ಖರ್ಚು ಹಾಕಿ, ಪಾಲು ಬಿಟ್ಟುಕೊಟ್ಟವರ ಖಾತೆಗೆ ಜಮಾ ಮಾಡಬೇಕು. ಹಳೆಯ ಅನುಪಾತದಂತೆ ಹಿರಿಯರಿಗೆ 72,000, ಕಿರಿಯರಿಗೆ 48,000 ಎಂದು ಹಂಚಿಬಿಡುವುದು ಅನೇಕ ಕಡೆ ಕಂಡುಬರುವ ರೂಢಿ. ಇಬ್ಬರೂ ಹಳೆಯ ಅನುಪಾತದಲ್ಲಿಯೇ ಪಾಲು ಬಿಟ್ಟುಕೊಟ್ಟಿದ್ದರೆ ಅದು ಸರಿ. ಆದರೆ ನಮ್ಮ ಉದಾಹರಣೆಯಲ್ಲಿ ಹೊಸ ಹಂಚಿಕೆ 2:2:1. ಹಿರಿಯರ ಪಾಲು ಐದರಲ್ಲಿ ಮೂರರಿಂದ ಎರಡಕ್ಕೆ ಇಳಿದಿದೆ. ಕಿರಿಯರ ಪಾಲು ಮೊದಲಿನಷ್ಟೇ ಇದೆ. ತ್ಯಾಗ ಮಾಡಿದವರು ಹಿರಿಯರೊಬ್ಬರೇ ಆದ್ದರಿಂದ ಪೂರ್ಣ 1,20,000 ರೂಪಾಯಿ ಅವರಿಗೇ ಸಲ್ಲಬೇಕು. ರೂಢಿಯ ಹಂಚಿಕೆಯಿಂದ ಏನನ್ನೂ ಬಿಟ್ಟುಕೊಡದ ಕಿರಿಯರಿಗೆ ಹಿರಿಯರ 48,000 ರೂಪಾಯಿ ಸಂದಾಯವಾಗಿಬಿಡುತ್ತದೆ.

ಲೆಕ್ಕ ಸರಿಯೇ ಎಂದು ತಿಳಿಯಲು ಒಂದು ಸುಲಭ ತಾಳೆಯಿದೆ. ಪೂರ್ಣ 6 ಲಕ್ಷವನ್ನು ಹಳೆಯ ಅನುಪಾತದಲ್ಲಿ ಜಮಾ ಮಾಡಿರಿ: 3,60,000 ಮತ್ತು 2,40,000. ಅದನ್ನೇ ಹೊಸ ಅನುಪಾತದಲ್ಲಿ ಖರ್ಚು ಹಾಕಿರಿ: 2,40,000, 2,40,000 ಮತ್ತು 1,20,000. ಹಿರಿಯರಿಗೆ 1,20,000 ಹೆಚ್ಚು, ಕಿರಿಯರಿಗೆ ಶೂನ್ಯ, ಹೊಸಬರಿಗೆ 1,20,000 ಕಡಿಮೆ. ಇದನ್ನು ಕಾಗದದ ಮೇಲೆ ಮಾಡಿ ನೋಡಿದರೆ ಸಾಕು. 6 ಲಕ್ಷವನ್ನು ಆಸ್ತಿಯಾಗಿ ಅಢಾವೆ ಪತ್ರಿಕೆಯಲ್ಲಿ ಉಳಿಸಕೂಡದು. ಹಣ ಕೊಟ್ಟು ಕೊಳ್ಳದೆ, ಸ್ವಂತ ವ್ಯವಹಾರದಿಂದಲೇ ಬೆಳೆದ ಗುಡ್‌ವಿಲ್ಲನ್ನು ಆಸ್ತಿಯೆಂದು ತೋರಿಸಬಾರದೆಂಬುದು ಲೆಕ್ಕಪತ್ರ ಮಾನದಂಡ 26ರ ನಿಯಮ. ಹಳೆಯ ಗುಡ್‌ವಿಲ್ ಪುಸ್ತಕದಲ್ಲಿ ಈಗಾಗಲೇ ಇದ್ದರೆ, ಹೊಸಬರು ಸೇರುವ ಮೊದಲೇ ಅದನ್ನು ಹಳೆಯ ಪಾಲುದಾರರ ಖಾತೆಗಳಿಗೆ 3:2ರಂತೆ ಖರ್ಚು ಹಾಕಿ ತೆಗೆದುಬಿಡಬೇಕು.

ಹೊಸಬರು ಗಮನಿಸಬೇಕಾದುದು

ಹೊಂದಾಣಿಕೆಯ ನಂತರದ ಬಂಡವಾಳ ಹೀಗಿರುತ್ತದೆ: ಹಿರಿಯರು 13,20,000, ಕಿರಿಯರು 8,00,000, ಹೊಸಬರು 3,80,000. ಒಟ್ಟು 25 ಲಕ್ಷ. ಸಂಸ್ಥೆಗೆ ನಗದಾಗಿ ಬಂದದ್ದು 5 ಲಕ್ಷವೇ. ಗುಡ್‌ವಿಲ್ ಸಲುವಾಗಿ ಸಂಸ್ಥೆಯಿಂದ ಒಂದು ರೂಪಾಯಿಯೂ ಹೊರಹೋಗಿಲ್ಲ. ಹಿರಿಯರು ಆ ಹಣವನ್ನು ಹಿಂತೆಗೆಯಲು ಬಯಸಿದರೆ ದುಡಿಯುವ ಬಂಡವಾಳ ಕರಗುತ್ತದೆ ಎಂಬುದನ್ನು ಮೊದಲೇ ಯೋಚಿಸಬೇಕು.

5 ಲಕ್ಷ ತಂದವರ ಖಾತೆಯಲ್ಲಿ 3,80,000 ಕಂಡಾಗ ಮನಸ್ತಾಪ ಹುಟ್ಟುವುದು ಸಹಜ. ಇದು ಒಂದು ದಿನದ ವ್ಯತ್ಯಾಸವೂ ಅಲ್ಲ. ಬಂಡವಾಳಕ್ಕೆ ಶೇಕಡಾ 12ರ ಬಡ್ಡಿ ಕೊಡುವ ಕರಾರಿದ್ದರೆ, 1,20,000 ರೂಪಾಯಿಯ ಮೇಲಿನ 14,400 ರೂಪಾಯಿ ಬಡ್ಡಿ ಹೊಸಬರ ಬದಲು ಹಿರಿಯರಿಗೆ ಪ್ರತಿವರ್ಷವೂ ಸೇರುತ್ತದೆ. ಗುಡ್‌ವಿಲ್ ಕಳೆದ ನಂತರವೂ ತಮ್ಮ ಬಂಡವಾಳ 5 ಲಕ್ಷ ಇರಬೇಕೆಂದು ಹೊಸಬರು ಬಯಸಿದರೆ ಅವರು 6,20,000 ರೂಪಾಯಿ ತರಬೇಕು.

ಆದುದರಿಂದ ಹೊಸ ಪಾಲುದಾರಿಕೆ ಪತ್ರದಲ್ಲಿ ಮೂರು ಸಂಗತಿಗಳು ಸ್ಪಷ್ಟವಾಗಿರಲಿ: ಗುಡ್‌ವಿಲ್ ಬೆಲೆ ಮತ್ತು ಅದನ್ನು ಕಟ್ಟಿದ ವಿಧಾನ, ಯಾರು ಎಷ್ಟು ಪಾಲು ಬಿಟ್ಟುಕೊಟ್ಟರು ಎಂಬುದು, ಹೊಸಬರ ಬಂಡವಾಳವೆಂದು ಬರೆದ ಅಂಕಿ ಗುಡ್‌ವಿಲ್ ಕಳೆಯುವ ಮೊದಲಿನದೋ ನಂತರದ್ದೋ ಎಂಬುದು. ಸಹಿ ಹಾಕುವ ಮೊದಲು ಹೊಂದಾಣಿಕೆಯ ನಂತರದ ಮೂರೂ ಖಾತೆಗಳ ಶಿಲ್ಕನ್ನು ಒಂದು ಹಾಳೆಯಲ್ಲಿ ಬರೆದು, ಮೂವರೂ ಓದಿ ಒಪ್ಪಿ, ಅದನ್ನು ಪತ್ರಕ್ಕೆ ಲಗತ್ತಿಸುವುದು ಲೇಸು.